"ಸಾರ್ ಅದೆಲ್ಲ ಫಾರ್ಮಾಲಿಟಿ" ಅಂದಿದ್ದ ಮಾತಿಗೆ ನಾಲ್ಕು ವರ್ಷ: ನನ್ನ ಡಿಸ್ಟ್ರಿಬ್ಯೂಟರ್ ಅಗ್ರಿಮೆಂಟ್ ಕೇಸಿನ ಕಥೆ

ಕಳೆದ ಸೆಪ್ಟೆಂಬರ್‌ನಲ್ಲಿ ನನ್ನ ಕೇಸ್ ಮುಗೀತು. ಪೂರ್ತಿ ಗೆದ್ದೆ ಅನ್ನೋ ಹಾಗಿಲ್ಲ, ಸೋತೆ ಅನ್ನೋ ಹಾಗೂ ಇಲ್ಲ. ಯಾವ ಮಾತನ್ನ ನಂಬ್ಕೊಂಡು ಕೋರ್ಟಿಗೆ ಹೋದ್ನೋ ಅದು ಬಿದ್ದೋಯ್ತು, ಯಾವುದನ್ನ ಲೆಕ್ಕಕ್ಕೇ ಇಟ್ಟಿರ್ಲಿಲ್ವೋ ಅದು ಕೈ ಹಿಡೀತು. ನಮ್ಮ ಲೈನಲ್ಲಿರೋರು ಸುಮಾರು ಜನ ಫೋನ್ ಮಾಡಿ ಕೇಳ್ತಿದಾರೆ, ಎಲ್ಲರಿಗೂ ಒಂದೊಂದ್ಸಲ ಹೇಳೋ ಬದಲು ಒಂದೇ ಸಲ ಬರೆದು ಬಿಡೋಣ ಅಂತ ಕೂತೆ. ಉದ್ದ ಆಗತ್ತೆ.

ನಂದು ದಾವಣಗೆರೆ. ಅಪ್ಪಾಜಿ ಕಾಲದಿಂದ ಮಂಡಿಪೇಟೆಲಿ ಕಿರಾಣಿ ಹೋಲ್‌ಸೇಲ್. 2021ರಲ್ಲಿ ಒಂದು ಪ್ಯಾಕೆಟ್ ಕುರುಕಲು ತಿಂಡಿ ಕಂಪನಿಯವರು ಡಿಸ್ಟ್ರಿಬ್ಯೂಟರ್ ಹುಡುಕ್ತಾ ಬಂದ್ರು. ಹೆಸ್ರು ಬೇಡ, ಈಗ ಲೆಕ್ಕ ಮುಗಿದಿದೆ. ಮಂಡಕ್ಕಿ ಮಿರ್ಚಿ ತಿನ್ನೋ ಊರಲ್ಲಿ ಪ್ಯಾಕೆಟ್ ಚೂಡಾ ಯಾರು ತಗೋತಾರೆ ಅಂತ ಮನೆಯವ್ಳು ಅವತ್ತೇ ಕೇಳಿದ್ಲು, ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ. ಕಂಪನಿಯ ಏರಿಯಾ ಸೇಲ್ಸ್ ಮ್ಯಾನೇಜರ್ ಹುಡುಗ ಚೆನ್ನಾಗಿದ್ದ, ನಮ್ಮ ಕಡೆಯೋನೇ, ಬಾಯಿ ತುಂಬಾ ಅಣ್ಣಾ ಅಣ್ಣಾ ಅನ್ನೋನು. ಎರಡು ಮಾತು ಕೊಟ್ಟ. ಒಂದು, ದಾವಣಗೆರೆ ಜೊತೆ ಹರಿಹರನೂ ನಿಮ್ದೇ, ಅಲ್ಲಿ ಬೇರೆ ಯಾರಿಗೂ ಪಾಯಿಂಟ್ ಕೊಡಲ್ಲ. ಎರಡು, ಎಕ್ಸ್‌ಪೈರಿ ಆದ ಮಾಲು ಒಂದು ಪ್ಯಾಕೆಟ್ಟೂ ನಿಮ್ಮ ತಲೆ ಮೇಲೆ ಬರಲ್ಲ, ಪೂರ್ತಿ ಕಂಪನಿದು, ನಮ್ಮ ಗಾಡೀಲೇ ಎತ್ಕೊಂಡು ಹೋಗ್ತೀವಿ. ಹರಿಹರದ ಮಾತನ್ನ ಸೈನ್ ಆಗೋ ಎರಡು ದಿನ ಮುಂಚೆ ವಾಟ್ಸಾಪಲ್ಲೂ ಹಾಕಿದ್ದ, "ಹರಿಹರ ನಿಮ್ದೇ ಅಣ್ಣಾ, ಟೆನ್ಷನ್ ಬೇಡ" ಅಂತ. ಆ ಒಂದು ಮೆಸೇಜ್ ಇದೆಯಲ್ಲ ಅಂತ ಆಮೇಲೆ ಎರಡು ವರ್ಷ ನಾನು ಎದೆ ಉಬ್ಬಿಸ್ಕೊಂಡು ಓಡಾಡಿದ್ದು.

ಆಗಸ್ಟ್‌ನಲ್ಲಿ ಅಗ್ರಿಮೆಂಟ್ ಬಂತು. ಹತ್ತೊಂಬತ್ತು ಪೇಜು, ಪೂರ್ತಿ ಇಂಗ್ಲಿಷು, ಸಣ್ಣ ಅಕ್ಷರ. ಅಂಗಡಿಲಿ ಬೆಲ್ಲದ ಲೋಡ್ ಇಳೀತಿತ್ತು, ಹಮಾಲರ ಕೂಲಿ ಲೆಕ್ಕ ಮಾಡ್ತಾ ಮಾಡ್ತಾ, ಸಕ್ಕರೆ ಮೂಟೆ ಮೇಲೆ ಪೇಪರ್ ಇಟ್ಕೊಂಡು ಪ್ರತಿ ಪೇಜಿಗೂ ಸೈನ್ ಹಾಕಿದೆ. ಹರಿಹರದ್ದು ಇದ್ರಲ್ಲಿ ಎಲ್ಲಿದೆ ಅಂತ ಕೇಳ್ದೆ, ನಿಜ ಕೇಳ್ದೆ. "ಸಾರ್ ಅದೆಲ್ಲ ಫಾರ್ಮಾಲಿಟಿ, ಹೆಡ್ ಆಫೀಸ್ ಫಾರ್ಮ್ಯಾಟು, ಇಡೀ ಇಂಡಿಯಾಕ್ಕೆ ಒಂದೇ" ಅಂದ. ಅಣ್ಣಾ ಅನ್ನೋನು ಅವತ್ತು ಸಾರ್ ಅಂದಿದ್ದು ಆಮೇಲೆ ನೆನಪಾಯ್ತು. ಡೆಪಾಸಿಟ್ ಎರಡು ಲಕ್ಷ ಕೊಟ್ಟೆ. ಒರಿಜಿನಲ್ ಅವರತ್ರ, ನನಗೆ ಸಿಕ್ಕಿದ್ದು ಒಂದು ಜೆರಾಕ್ಸು, ಅದೂ ಹನ್ನೊಂದನೇ ಪೇಜು ಓರೆಯಾಗಿ ಬಂದು ಬಲಗಡೆ ಅಕ್ಷರ ಕಟ್ ಆಗಿತ್ತು.

ಒಂದೂವರೆ ವರ್ಷ ಏನೂ ತೊಂದ್ರೆ ಇರ್ಲಿಲ್ಲ, ಅದನ್ನ ಹೇಳ್ಲೇಬೇಕು. ಹರಿಹರಕ್ಕೆ ವಾರಕ್ಕೆ ಎರಡು ಬೀಟ್ ನಮ್ಮ ಗಾಡೀನೇ ಹೋಗ್ತಿತ್ತು. ಎಕ್ಸ್‌ಪೈರಿ ಮಾಲಿಗೆ ನಾನು ತಿಂಗಳ ಕೊನೇಲಿ ಬ್ಯಾಚ್ ನಂಬರ್ ಹಾಕಿ ಮೇಲ್ ಮಾಡ್ತಿದ್ದೆ, ಹುಡುಗ ಬಂದು ಎಣಿಸಿ, ಪ್ಯಾಕೆಟ್ ಬ್ಲೇಡಲ್ಲಿ ಕೊಯ್ದು ಫೋಟೋ ತಗೊಂಡು ಹೋಗೋನು, ಹದಿನೈದಿಪ್ಪತ್ತು ದಿನಕ್ಕೆ ಅಷ್ಟು ದುಡ್ಡು ನಮ್ಮ ಲೆಕ್ಕಕ್ಕೆ ಜಮಾ ಅಂತ ಕ್ರೆಡಿಟ್ ನೋಟ್ ಬರ್ತಿತ್ತು. ಗಾಡೀಲಿ ಎತ್ಕೊಂಡು ಹೋಗೋದೇನೂ ಆಗ್ಲಿಲ್ಲ, ಕೊಯ್ದ ಮಾಲನ್ನ ನಾವೇ ವಿಲೇವಾರಿ ಮಾಡ್ತಿದ್ವಿ, ದುಡ್ಡು ಬರ್ತಿತ್ತಲ್ಲ ಅಂತ ನಾನೂ ಸುಮ್ನಿದ್ದೆ. 2022ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಹೀಗೆ ಒಂಬತ್ತು ಕ್ರೆಡಿಟ್ ನೋಟ್ ಬಂತು.

2023ರ ಜನವರಿಲಿ ಆ ಹುಡುಗ ಕೆಲ್ಸ ಬಿಟ್ಟ. ಹೊಸಬ ಬಂದೋನೇ ಎಕ್ಸ್‌ಪೈರಿ ಮಾಲು ನೋಡಕ್ಕೂ ಬರ್ಲಿಲ್ಲ, ಪಾಲಿಸಿ ಇಲ್ಲ ಅಂದ. ನಾಲ್ಕು ತಿಂಗಳು, ಆರು ತಿಂಗಳು ಬಾಳೋ ಮಾಲು ಅದು, ಡಿಪೋಲೇ ಎರಡು ತಿಂಗಳು ಕೂತು ನಮಗೆ ಬಂದ್ರೆ ನಾವು ಮಾರಕ್ಕೆ ಎಷ್ಟು ದಿನ ಇರತ್ತೆ ಹೇಳಿ. ಗೋಡೌನಲ್ಲಿ ರಟ್ಟಿನ ಡಬ್ಬಿ ಏರ್ತಾ ಹೋಯ್ತು. ಏಪ್ರಿಲ್‌ನಲ್ಲಿ ಹರಿಹರದ ಅಂಗಡಿಯೋರು ಒಬ್ರು ಫೋನ್ ಮಾಡಿ "ಏನ್ ಸಾವ್ಕಾರ್ರೆ, ನಿಮ್ಮ ಗಾಡಿ ಬದಲು ಬೇರೆ ಗಾಡಿ ಬಂದಿದೆ, ಸ್ಕೀಮ್ ಜಾಸ್ತಿ ಕೊಡ್ತಿದಾರೆ" ಅಂದ್ರು. ಅವತ್ತು ರಾತ್ರಿ ಊಟ ಸೇರ್ಲಿಲ್ಲ. ಜುಲೈಯಲ್ಲಿ ನಾನೇ ನೋಟಿಸ್ ಕೊಟ್ಟು ಡಿಸ್ಟ್ರಿಬ್ಯೂಶನ್ ಬಿಟ್ಟೆ. ಡೆಪಾಸಿಟ್ ಕೇಳಿದ್ರೆ "ಸೆಟಲ್‌ಮೆಂಟ್ ಪೆಂಡಿಂಗ್" ಅನ್ನೋ ಒಂದೇ ಉತ್ತರ.

ನಮ್ಮೂರಿನ ವಕೀಲರೊಬ್ರ ಮೂಲಕ ಬೆಂಗಳೂರಲ್ಲಿ ಒಬ್ರು ಮೇಡಂ ಸಿಕ್ಕಿದ್ರು, ಕಮರ್ಷಿಯಲ್ ಕೇಸೇ ನೋಡೋರು. ಬೆಂಗಳೂರು ಯಾಕೆ ಅಂದ್ರೆ ಅಗ್ರಿಮೆಂಟಲ್ಲಿ ಬೆಂಗಳೂರಿನ ಕೋರ್ಟುಗಳಿಗೆ ಅಧಿಕಾರ ಅಂತ ಬರೆದಿತ್ತು. "ಬೆಂಗಳೂರಿಗೆ ಮಾತ್ರ ಅಂತ ಬರೆದಿಲ್ವಲ್ಲ ಮೇಡಂ, ಮಾಲು ಬಂದಿದ್ದು, ದುಡ್ಡು ಕೊಟ್ಟಿದ್ದು ಎಲ್ಲ ದಾವಣಗೆರೆಲಿ, ಅಲ್ಲೇ ಹಾಕೋಣ" ಅಂದೆ. ನಾನೂ ಲಾ ಪಾಯಿಂಟ್ ಹೇಳ್ದೆ ಅನ್ಕೊಂಡಿದ್ದೆ. ಅವ್ರು 2013ರ ಸ್ವಸ್ತಿಕ್ ಗ್ಯಾಸಸ್ ತೀರ್ಪು ಹೇಳಿದ್ರು, ಇಂಡಿಯನ್ ಆಯಿಲ್ ವಿರುದ್ಧದ್ದು, ಸುಪ್ರೀಂ ಕೋರ್ಟಿಂದು. ಒಂದು ಊರಿನ ಹೆಸ್ರು ಬರೆದ್ರೆ ಮಿಕ್ಕ ಊರುಗಳನ್ನ ಬಿಟ್ಟಿದಾರೆ ಅಂತಲೇ ಅರ್ಥ, ಮಾತ್ರ ಅನ್ನೋ ಪದ ಬೇಕಾಗೇ ಇಲ್ಲ ಅಂತ. ಬರೆಯದೇ ಇರೋ ಪದನೂ ಕೋರ್ಟ್ ಓದತ್ತೆ ಅಂತ ನನಗೆ ಗೊತ್ತಾದ ಮೊದಲನೇ ಸಲ ಅದು. ಆಮೇಲೆ ಎಷ್ಟು ರಾತ್ರಿ ಬಸ್ಸು ಹತ್ತಿದೀನಿ ಅಂತ ಲೆಕ್ಕ ಇಟ್ಟಿಲ್ಲ. ಜಗಳ ಬಂದ್ರೆ ಕೋರ್ಟ್ ಬದಲು ಮಧ್ಯಸ್ಥರತ್ರ ತೀರ್ಮಾನ ಮಾಡ್ಕೋಬೇಕು ಅನ್ನೋ ಷರತ್ತು, ಆರ್ಬಿಟ್ರೇಶನ್ ಕ್ಲಾಸ್, ಮಾತ್ರ ಇರ್ಲಿಲ್ಲ, ಇದ್ದಿದ್ರೆ ಕೋರ್ಟ್ ಮೆಟ್ಟಿಲೇ ಹತ್ತೋ ಹಾಗಿರ್ಲಿಲ್ಲ, ನಿಮ್ಮದ್ರಲ್ಲಿ ಇದೆಯಾ ಅಂತ ಮೊದಲು ಅದನ್ನ ನೋಡ್ಕೊಳಿ.

ಮೊದಲನೇ ಮೀಟಿಂಗಲ್ಲಿ ನಾನು ಫೋನ್ ತೆಗೆದು ವಾಟ್ಸಾಪ್ ಮೆಸೇಜ್ ತೋರಿಸ್ದೆ. ಮೇಡಂ ಅದನ್ನ ನೋಡಿ ಫೋನ್ ಪಕ್ಕಕ್ಕಿಟ್ಟು ಜೆರಾಕ್ಸ್ ತಿರುವಕ್ಕೆ ಶುರು ಮಾಡಿದ್ರು, ಹದಿನೇಳನೇ ಪೇಜಿಗೆ ಬಂದು ನಿಂತ್ರು. ಅಲ್ಲಿತ್ತು ಎಂಟೈರ್ ಅಗ್ರಿಮೆಂಟ್ ಕ್ಲಾಸ್. ಕನ್ನಡದಲ್ಲಿ ಹೇಳೋದಾದ್ರೆ, ಈ ವ್ಯವಹಾರದ ಬಗ್ಗೆ ನಮ್ಮಿಬ್ಬರ ನಡುವೆ ಇರೋ ಒಪ್ಪಂದ ಅಂದ್ರೆ ಈ ಕಾಗದ ಇಷ್ಟೇ, ಇದಕ್ಕೆ ಮುಂಚೆ ಬಾಯಲ್ಲಾಗ್ಲಿ ಬರಹದಲ್ಲಾಗ್ಲಿ ಏನೇ ಮಾತುಕತೆ, ಭರವಸೆ ಆಗಿದ್ರೂ ಅದೆಲ್ಲ ಇದ್ರಲ್ಲಿ ಮುಳುಗಿಹೋಯ್ತು, ಇನ್ನು ಮುಂದೆ ಬದಲಾವಣೆ ಏನಾದ್ರೂ ಆಗ್ಬೇಕಂದ್ರೆ ಕಂಪನಿ ಡೈರೆಕ್ಟರ್ ಸೈನ್ ಮಾಡಿ ಬರವಣಿಗೇಲಿ ಕೊಡ್ಬೇಕು. ಸೇಲ್ಸ್ ಮ್ಯಾನೇಜರ್ ಅಲ್ಲ, ಡೈರೆಕ್ಟರ್.

"ಇದೊಂದು ಲೈನಿಗೆ ನಂದೆಲ್ಲ ಹೋಯ್ತಾ ಮೇಡಂ?" ಅಂದೆ. ಅವ್ರು ಹೇಳಿದ್ದು ನನಗೆ ಅರ್ಥ ಆಗಕ್ಕೆ ಮೂರು ಮೀಟಿಂಗ್ ಬೇಕಾಯ್ತು. ಈ ಕ್ಲಾಸ್ ಇಲ್ದೇ ಇದ್ರೂ ನಮ್ಮ ಕಾನೂನು ಹೆಚ್ಚುಕಮ್ಮಿ ಅದನ್ನೇ ಹೇಳತ್ತೆ. ಎವಿಡೆನ್ಸ್ ಆಕ್ಟ್ 91, 92ನೇ ಸೆಕ್ಷನ್. ಒಪ್ಪಂದವನ್ನ ಬರವಣಿಗೆಗೆ ಇಳಿಸಿದ ಮೇಲೆ ಆ ಕಾಗದನೇ ಸಾಕ್ಷಿ, ಅದಕ್ಕೆ ವಿರುದ್ಧವಾಗಿ, ಅದನ್ನ ಬದಲಾಯಿಸಕ್ಕೆ, ಸೇರಿಸಕ್ಕೆ, ಕಳೆಯಕ್ಕೆ ಬಾಯಿಮಾತಿನ ಒಪ್ಪಂದ ತರೋ ಹಾಗಿಲ್ಲ. (2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಅಧಿನಿಯಮ ಬಂದಿದೆ, ಅದ್ರಲ್ಲಿ ಇವೇ 94 ಮತ್ತು 95. ನನ್ನ ಕೇಸ್ ಅದಕ್ಕೆ ಮುಂಚೆನೇ ಹಾಕಿದ್ರಿಂದ ಹಳೇ ಆಕ್ಟಲ್ಲೇ ನಡೀತು.) ಆದ್ರೆ 92ಕ್ಕೆ ಕೆಲವು ಬಾಗಿಲುಗಳಿವೆ. ಮೋಸ ಆಗಿದೆ ಅಂತಾದ್ರೆ ಅದನ್ನ ಬಾಯಿಮಾತಿನ ಸಾಕ್ಷಿಯಿಂದ ತೋರಿಸ್ಬಹುದು. ಕಾಗದ ಏನೂ ಹೇಳದೇ ಸುಮ್ನಿರೋ ವಿಷ್ಯದಲ್ಲಿ, ಅದಕ್ಕೆ ಅಡ್ಡ ಬರದೇ ಇರೋ ಬೇರೆ ಬಾಯಿಮಾತಿನ ಒಪ್ಪಂದ ಇದ್ರೆ ಅದನ್ನೂ ತೋರಿಸ್ಬಹುದು, ಆದ್ರೆ ಆಗ ಕಾಗದ ಎಷ್ಟು ಫಾರ್ಮಲ್ ಆಗಿದೆ ಅಂತ ಕೋರ್ಟ್ ನೋಡ್ಬೇಕು ಅಂತ ಸೆಕ್ಷನ್ನೇ ಹೇಳತ್ತೆ. ಹತ್ತೊಂಬತ್ತು ಪೇಜು, ಮೇಲೆ ಎಂಟೈರ್ ಅಗ್ರಿಮೆಂಟ್ ಕ್ಲಾಸ್ ಬೇರೆ, ಇದಕ್ಕಿಂತ ಫಾರ್ಮಲ್ ಏನ್ ಬೇಕು.

ಹರಿಹರದ ವಿಷ್ಯದಲ್ಲಿ ಕಾಗದ ಸುಮ್ನೆ ಇರ್ಲೂ ಇಲ್ಲ. ಐದನೇ ಪೇಜಲ್ಲಿ ಚೆನ್ನಾಗೇ ಬರೆದಿತ್ತು, ಟೆರಿಟರಿ ಒಳಗೆ ಬೇರೆ ಡಿಸ್ಟ್ರಿಬ್ಯೂಟರ್ ನೇಮಿಸೋ ಹಕ್ಕು ಕಂಪನಿಗಿದೆ ಅಂತ. ಸಕ್ಕರೆ ಮೂಟೆ ಮೇಲೆ ನಾನು ಸೈನ್ ಹಾಕಿದ ಪೇಜೇ.

ಸೂಟ್, ಅಂದ್ರೆ ದಾವೆ, ಹಾಕೋದು ಅನ್ನೋದೂ ನೇರ ಅಲ್ಲ. ಮೂರು ಲಕ್ಷಕ್ಕೆ ಮೇಲ್ಪಟ್ಟ ವ್ಯಾಪಾರದ ವ್ಯಾಜ್ಯ ಆದ್ರೆ ಕಮರ್ಷಿಯಲ್ ಕೋರ್ಟ್, ಅಲ್ಲಿಗೆ ಹೋಗೋ ಮುಂಚೆ ಮೀಡಿಯೇಶನ್, ಅಂದ್ರೆ ರಾಜಿ ಮಾತುಕತೆ, ಮಾಡ್ಲೇಬೇಕು, ಕಮರ್ಷಿಯಲ್ ಕೋರ್ಟ್ಸ್ ಆಕ್ಟಿನ 12ಎ ಸೆಕ್ಷನ್ ಅದು. ತುರ್ತಾಗಿ ಸ್ಟೇ ಥರದ್ದು ಬೇಕಿದ್ರೆ ಬಿಟ್ರೆ ಬೇರೆ ದಾರಿ ಇಲ್ಲ, ಇದನ್ನ ಬಿಟ್ಟು ಹಾಕಿದ ಸೂಟನ್ನ ತಿರಸ್ಕರಿಸ್ತಾರೆ ಅಂತ 2022ರಲ್ಲೇ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದೆ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ, ಒಂದು ಸಾವಿರ ಫೀಸು. ಅವ್ರು ಕಂಪನಿಗೆ ನೋಟಿಸ್ ಕಳಿಸಿದ್ರು, ಬರ್ಲಿಲ್ಲ. ಎರಡನೇ ಸಲ ಕಳಿಸಿದ್ರು, ಬರ್ಲಿಲ್ಲ. ಶುರುನೇ ಆಗ್ಲಿಲ್ಲ ಅಂತ ಒಂದು ರಿಪೋರ್ಟ್ ಕೊಟ್ರು, ಅದಕ್ಕೆ ಎರಡು ತಿಂಗಳು ಹೋಯ್ತು. ಆ ಕಾಗದ ಜೋಪಾನ, ಅದಿಲ್ದೇ ಫೈಲಿಂಗ್ ಆಗಲ್ಲ. ಈ ಟೈಮು ಕೇಸ್ ಹಾಕಕ್ಕಿರೋ ಮೂರು ವರ್ಷದ ಗಡುವಿನ, ಲಿಮಿಟೇಶನ್ ಅಂತಾರಲ್ಲ, ಅದರ ಲೆಕ್ಕಕ್ಕೆ ಸೇರಲ್ಲ ಅನ್ನೋದೊಂದು ಸಮಾಧಾನ.

2024ರ ಜನವರಿಲಿ ಸೂಟ್. ಕೇಳಿದ್ದು ಮೂರು: ಎಕ್ಸ್‌ಪೈರಿ ಮಾಲಿಂದು 6.84 ಲಕ್ಷ, ಡೆಪಾಸಿಟ್ 2 ಲಕ್ಷ, ಹರಿಹರ ಕಿತ್ಕೊಂಡಿದ್ದಕ್ಕೆ ನಷ್ಟ 5 ಲಕ್ಷ. ಕೋರ್ಟ್ ಫೀಸೇ ಎಪ್ಪತ್ತೈದು ಸಾವಿರದ ಆಸುಪಾಸು ಆಯ್ತು. ಹರಿಹರದ್ದು ಬೇಡ, ಬರೋದು ಡೌಟು, ಸುಮ್ನೆ ಫೀಸು ಏರತ್ತೆ ಅಂತ ಮೇಡಂ ಹೇಳಿದ್ರು, ನಾನು ಹಠ ಮಾಡಿದೆ. ಮೆಸೇಜ್ ಇದೆಯಲ್ಲ!

ಆ ಮೆಸೇಜಿಂದು ಇನ್ನೊಂದು ಪ್ರಹಸನ. ಫೋನಲ್ಲಿರೋದನ್ನ ಪ್ರಿಂಟ್ ತೆಗೆದು ಕೊಟ್ರೆ ಆಗಲ್ಲ, ಯಾವ ಫೋನು, ಅದು ಯಾರ ಕೈಲಿತ್ತು, ಹೇಗೆ ಪ್ರಿಂಟ್ ತೆಗೆದಿದ್ದು ಅಂತ ಹಳೇ ಎವಿಡೆನ್ಸ್ ಆಕ್ಟಿನ 65ಬಿ ಸರ್ಟಿಫಿಕೇಟ್ ಕೊಡ್ಬೇಕಿತ್ತು. ಅಷ್ಟರಲ್ಲಿ ನಾನು ಫೋನ್ ಬದಲಾಯಿಸಿದ್ದೆ, ಹಳೇದನ್ನ ಬಾಮೈದನ ಮಗನಿಗೆ ಕೊಟ್ಟಿದ್ದೆ, ಅವನು ಗೇಮ್ ಆಡಿ ಡಿಸ್ಪ್ಲೇ ಒಡೆದಿದ್ದ. ಹಳೇ ಪಿ.ಬಿ. ರೋಡಿನ ಒಬ್ಬ ರಿಪೇರಿ ಹುಡುಗನತ್ರ ಎರಡು ಸಾವಿರದ ಮುನ್ನೂರು ಕೊಟ್ಟು ಡಿಸ್ಪ್ಲೇ ಹಾಕಿಸಿ, ಚಾಟ್ ಇದೆ ಅಂತ ನೋಡಿದಾಗ ದೇವ್ರಿಗೆ ಕೈ ಮುಗಿದೆ. ವ್ಯವಹಾರದ ಫೋನನ್ನ ದಯವಿಟ್ಟು ಮಕ್ಕಳ ಕೈಗೆ ಕೊಡ್ಬೇಡಿ, ಹಳೇದಾದ್ರೂ ಬೀರೂಲಿ ಇಡಿ.

ಕಂಪನಿಯೋರು ಜವಾಬು ಹಾಕಿದ್ದು 112ನೇ ದಿನ. ಕಮರ್ಷಿಯಲ್ ಕೋರ್ಟಲ್ಲಿ ಮೂವತ್ತು ದಿನ, ಕೋರ್ಟ್ ಒಪ್ಪಿದ್ರೆ ನೂರಿಪ್ಪತ್ತು, ಅದರ ಮೇಲೆ ಒಂದು ದಿನಾನೂ ಇಲ್ಲ, ಅದನ್ನ ಅವ್ರು ಕೊನೇವರೆಗೂ ಎಳೆದ್ರು. ಒಂದು ಒಳ್ಳೇದಾಯ್ತು, ಅಗ್ರಿಮೆಂಟ್ ಒರಿಜಿನಲ್ ಅವರೇ ಹಾಜರು ಮಾಡಿದ್ರು, ಹನ್ನೊಂದನೇ ಪೇಜು ಆಗ ನಾನು ಪೂರ್ತಿ ಓದಿದ್ದು. ನನ್ನ ಇಡೀ ಕೇಸು ಆ ಪೇಜಲ್ಲೇ ಇತ್ತು, ನನ್ನ ಜೆರಾಕ್ಸಲ್ಲಿ ಕಟ್ ಆಗಿದ್ದ ಬಲಗಡೆಲಿ.

ಅಲ್ಲಿದ್ದ ಕ್ಲಾಸ್ ಇದು: ಡಿಸ್ಟ್ರಿಬ್ಯೂಟರ್ ತಪ್ಪಿಲ್ಲದ ಕಾರಣಕ್ಕೆ ಮಾರಕ್ಕಾಗದ ಸ್ಥಿತಿಗೆ ಬಂದ ಮಾಲಿಗೆ ಕಂಪನಿ ಕ್ರೆಡಿಟ್ ಕೊಡತ್ತೆ, ಮೂವತ್ತು ದಿನದೊಳಗೆ ಬರವಣಿಗೇಲಿ ತಿಳಿಸಿದ್ರೆ. ಮಾರಕ್ಕಾಗದ ಮಾಲು ಅಂದ್ರೇನು? ಎಕ್ಸ್‌ಪೈರಿ ಅನ್ನೋ ಪದ ಇಡೀ ಅಗ್ರಿಮೆಂಟಲ್ಲಿ ಎಲ್ಲೂ ಇಲ್ಲ. ಕಂಪನಿ ವಾದ, ಅದು ಫ್ಯಾಕ್ಟರಿ ದೋಷ ಮಾತ್ರ, ಪ್ಯಾಕೆಟ್ ಗಾಳಿ ಹೋಗಿದ್ದು, ಒಳಗೆ ಹುಳ ಬಂದಿದ್ದು ಅಂಥದ್ದು, ಟೈಮಿಗೆ ಮಾರದೇ ಇದ್ರೆ ಅದು ಡಿಸ್ಟ್ರಿಬ್ಯೂಟರ್ ತಪ್ಪೇ. ನಮ್ಮ ವಾದ, ಎಕ್ಸ್‌ಪೈರಿ ಆದ ತಿಂಡೀನ ಮಾರೋದು ಅಪರಾಧ, ಅದಕ್ಕಿಂತ ಮಾರಕ್ಕಾಗದ ಮಾಲು ಯಾವ್ದಿದೆ.

ಇಲ್ಲಿ ನನಗೊಂದು ತಪ್ಪು ಕಲ್ಪನೆ ಇತ್ತು, ನಿಮಗೂ ಇರ್ಬಹುದು. ಅಗ್ರಿಮೆಂಟ್ ಬರೆದಿದ್ದು ಅವ್ರು, ಡೊಂಕಾಗಿ ಬರೆದಿದ್ದೂ ಅವ್ರೇ, ಹಂಗಾಗಿ ಎರಡರ್ಥ ಬಂದ್ರೆ ಬರೆದವನ ವಿರುದ್ಧನೇ ಓದ್ಬೇಕು ಅನ್ನೋ ನಿಯಮ ಇದೆ, ಕಾಂಟ್ರಾ ಪ್ರೊಫೆರೆಂಟಮ್ ಅಂತಾರೆ. ಇದನ್ನ ಎಲ್ಲೋ ಕೇಳಿ ನಾನು ಖುಷಿಯಾಗಿದ್ದೆ. ಮೇಡಂ ಅದನ್ನ ವಾದದಲ್ಲಿ ಹಾಕಿದ್ರು, ಆದ್ರೆ ಜಾಸ್ತಿ ಭರವಸೆ ಇಡ್ಬೇಡಿ ಅಂದ್ರು. ಅವ್ರು ಹೇಳಿದ ಹಾಗೇ ಆಯ್ತು. ಕಂಪನಿ ಕಡೆಯೋರು ಗರ್ಗ್ ಸನ್ಸ್ ಅನ್ನೋ 2013ರ ತೀರ್ಪು ಓದಿದ್ರು, ವ್ಯಾಪಾರದ ಒಪ್ಪಂದ ಇಬ್ರೂ ಕೂತು ಒಪ್ಕೊಂಡಿರೋದು, ಅಲ್ಲಿ ಆ ನಿಯಮ ನಡೆಯಲ್ಲ ಅಂತ ಅದ್ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೂತು ಒಪ್ಕೊಂಡಿದ್ದು ಅಂದಾಗ ನನಗೆ ಆ ಸಕ್ಕರೆ ಮೂಟೆ ನೆನಪಾಗಿ ನಗು ಬಂತು. ಆದ್ರೆ ಕಾನೂನಿನ ಕಣ್ಣಿಗೆ ನಾನೂ ಒಬ್ಬ ವ್ಯಾಪಾರಸ್ಥ, ಅವ್ರೂ ವ್ಯಾಪಾರಸ್ಥರು, ಓದಿ ಸೈನ್ ಮಾಡಿದೀನಿ ಅಂತಲೇ ಲೆಕ್ಕ.

ಹಾಗಾದ್ರೆ ಕೈ ಹಿಡಿದಿದ್ದು ಯಾವ್ದು? ಆ ಒಂಬತ್ತು ಕ್ರೆಡಿಟ್ ನೋಟು. ಗೋಧ್ರಾ ಎಲೆಕ್ಟ್ರಿಸಿಟಿ ಕಂಪನಿ ಅಂತ ಒಂದು ಹಳೇ ಕೇಸ್ ಇದೆ, ಗುಜರಾತ್ ಸರ್ಕಾರದ ವಿರುದ್ಧದ್ದು, 1975ರ ರಿಪೋರ್ಟಲ್ಲಿದೆ. ಒಪ್ಪಂದದ ಪದಕ್ಕೆ ಎರಡರ್ಥ ಬರ್ತಿದ್ರೆ, ಸೈನ್ ಆದ ಮೇಲೆ ಇಬ್ರೂ ಆ ಪದವನ್ನ ಹೇಗೆ ಅರ್ಥ ಮಾಡ್ಕೊಂಡು ನಡ್ಕೊಂಡ್ರು ಅನ್ನೋದನ್ನ ಕೋರ್ಟ್ ನೋಡ್ಬಹುದು ಅಂತ ಅದು ಹೇಳತ್ತೆ. ಜಗಳ ಶುರುವಾಗೋ ಮುಂಚೆ ಆ ಪದದ ಅರ್ಥ ಇಬ್ರಿಗೂ ಗೊತ್ತಿತ್ತಲ್ಲ, ಆಗ ಏನ್ ಮಾಡಿದ್ರು ನೋಡಿ ಅನ್ನೋದಷ್ಟೇ. ಅರ್ಥ ಸ್ಪಷ್ಟ ಇರೋ ಪದಕ್ಕೆ ಇದು ನಡೆಯಲ್ಲ, ಅದಕ್ಕೇ ಹರಿಹರಕ್ಕೆ ಇದೇ ದಾರಿ ಹಿಡಿಯಕ್ಕಾಗ್ಲಿಲ್ಲ. ಇಪ್ಪತ್ತು ತಿಂಗಳು ಹರಿಹರದಲ್ಲಿ ನಾನೊಬ್ನೇ ಇದ್ದಿದ್ದು ನಿಜ, ಆದ್ರೆ ಬೇರೆಯವ್ರನ್ನ ನೇಮಿಸೋ ಹಕ್ಕಿದೆ ಅನ್ನೋ ಮಾತಲ್ಲಿ ಎರಡರ್ಥ ಎಲ್ಲಿದೆ. ಹಕ್ಕನ್ನ ಬಳಸದೇ ಇದ್ರೆ ಹಕ್ಕೇ ಇಲ್ಲ ಅಂತಾಗಲ್ವಲ್ಲ. ಇನ್ನು ಎಂಟೈರ್ ಅಗ್ರಿಮೆಂಟ್ ಕ್ಲಾಸ್ ಕ್ರೆಡಿಟ್ ನೋಟಿಗೆ ಅಡ್ಡ ಬರಲ್ಲ ಅಂತ ಮೇಡಂ ಹೇಳಿದ್ದು ನನಗೆ ತಟ್ಟಂತ ಅರ್ಥ ಆಯ್ತು: ಆ ಕ್ಲಾಸ್ ಹೊರಗಿನ ಮಾತನ್ನ ಒಳಗೆ ತರ್ಬೇಡಿ ಅನ್ನತ್ತೆ, ನಾವು ಹೊಸ ಮಾತು ತರ್ತಿಲ್ಲ, ಒಳಗೇ ಇರೋ ಪದಕ್ಕೆ ಅರ್ಥ ಕೇಳ್ತಿದೀವಿ.

2025ರ ಫೆಬ್ರವರಿಲಿ ಕಂಪನಿಯ ಅಕೌಂಟ್ಸ್ ಮ್ಯಾನೇಜರ್ ಕಟಕಟೆಗೆ ಬಂದ್ರು. ಬೆವರು ಒರೆಸ್ಕೋತಾ ನಿಂತಿದ್ರು, ಪಾಪ ಅನ್ನಿಸ್ತು. ಮೇಡಂ ಮೊದಲನೇ ಕ್ರೆಡಿಟ್ ನೋಟ್ ಕೈಗೆ ಕೊಟ್ಟು, ಇದು ನಿಮ್ಮ ಕಂಪನಿದೇನಾ ಅಂದ್ರು. ಹೌದು. ವಿವರದ ಕಾಲಂನಲ್ಲಿ ಇ, ಎಕ್ಸ್, ಪಿ ಅಂತ ಮೂರಕ್ಷರ ಇದೆಯಲ್ಲ, ಏನದು? ಅವ್ರು ಒಂದ್ನಿಮಿಷ ಸುಮ್ನಿದ್ದು, "ಎಕ್ಸ್‌ಪೆನ್ಸ್" ಅಂದ್ರು. ನನಗೆ ಎದ್ದು ನಿಂತು ಕೂಗ್ಬೇಕು ಅನ್ನಿಸ್ತು. ಮೇಡಂ ಮುಖದಲ್ಲಿ ಏನೂ ಇಲ್ಲ. "ಸರಿ, ಪಕ್ಕದ ಕಾಲಂ ಓದಿ." ಬ್ಯಾಚ್ ನಂಬರ್. "ಅದರ ಪಕ್ಕ?" ತಾರೀಖು. "ಆ ಬ್ಯಾಚಿನ ಪ್ಯಾಕೆಟ್ ಮೇಲೆ ಯಾವ ತಾರೀಖು ಅಚ್ಚಾಗಿದೆ, ಈ ಫೋಟೋ ನೋಡಿ ಹೇಳಿ." ಅದೇ ತಾರೀಖು. ಒಂಬತ್ತಕ್ಕೆ ಒಂಬತ್ತು ನೋಟಲ್ಲೂ ಹಾಗೇ ಕೇಳಿದ್ರು, ಆರನೇದಕ್ಕೆ ಬರೋ ಹೊತ್ತಿಗೆ ಜಡ್ಜ್ ಸಾಹೇಬ್ರೇ "ಎಕ್ಸ್‌ಪೈರಿ ಅಂತ ತಾನೇ?" ಅಂದ್ರು. "ಇರ್ಬಹುದು ಸರ್." ಆ ಫೋಟೋಗಳು ಹಳೇ ಹುಡುಗ ಬ್ಲೇಡಲ್ಲಿ ಕೊಯ್ದಾಗ ತೆಗೆದು ಕಂಪನಿಗೆ ಮೇಲ್ ಮಾಡ್ತಾ ನನಗೂ ಕಾಪಿ ಹಾಕಿದ್ದು. ಅವನು ಕೊಟ್ಟ ಮಾತು ನನ್ನ ಉಳಿಸ್ಲಿಲ್ಲ, ಅವನು ಹಾಕಿದ ಕಾಪಿ ಉಳಿಸ್ತು.

ಅವನನ್ನೇ ಸಾಕ್ಷಿಗೆ ಕರೆಯೋಣ ಅಂತ ನಾನು ಫೋನೂ ಮಾಡಿದ್ದೆ. ಬೇರೆ ಕಂಪನಿಲಿದ್ದ. "ಅಣ್ಣಾ, ನಾನು ಹೇಳಿದ್ದು ಹೌದು, ನನಗೂ ಮೇಲಿನೋರು ಹಾಗೇ ಹೇಳು ಅಂದಿದ್ರು, ಕೋರ್ಟಿಗೆ ಮಾತ್ರ ಕರೀಬೇಡಿ, ಮದ್ವೆ ಫಿಕ್ಸ್ ಆಗಿದೆ" ಅಂದ. ಸಮನ್ಸ್ ಕಳಿಸಿ ಎಳೆದು ತರ್ಬಹುದಿತ್ತು. ಮೇಡಂ ಬೇಡ ಅಂದ್ರು, ಬಂದು ಹೌದು ಅಂದ್ರೂ ಪ್ರಯೋಜನ ಇಲ್ಲ, ಮಾತು ಕೊಟ್ಟಿದ್ದು ನಿಜನೋ ಸುಳ್ಳೋ ಅನ್ನೋದು ಪ್ರಶ್ನೆನೇ ಅಲ್ಲ ಅಂತ. ಇದನ್ನ ಒಪ್ಕೊಳ್ಳೋದು ನನಗೆ ಎಲ್ಲಕ್ಕಿಂತ ಕಷ್ಟ ಆಯ್ತು. ಒಬ್ಬ ಮನುಷ್ಯ ಮಾತು ಕೊಟ್ಟಿದಾನೆ, ಕೊಟ್ಟಿದೀನಿ ಅಂತ ಒಪ್ಕೋತಿದಾನೆ, ಆದ್ರೂ ಅದಕ್ಕೆ ಬೆಲೆ ಇಲ್ವಾ? ಮಂಡಿಪೇಟೆಲಿ ಅಪ್ಪಾಜಿ ನಲವತ್ತು ವರ್ಷ ಚೀಟಿ ಇಲ್ದೇ ವ್ಯಾಪಾರ ಮಾಡಿದಾರೆ.

ಮೋಸದ ಬಾಗಿಲೂ ತಟ್ಟಿ ನೋಡಿದ್ವಿ. ಕಾಂಟ್ರಾಕ್ಟ್ ಆಕ್ಟ್ 17ನೇ ಸೆಕ್ಷನ್ ಪ್ರಕಾರ, ನಡೆಸೋ ಉದ್ದೇಶನೇ ಇಲ್ದೇ ಮಾತು ಕೊಟ್ರೆ ಅದು ಮೋಸ, ಅದನ್ನ ಎಂಟೈರ್ ಅಗ್ರಿಮೆಂಟ್ ಕ್ಲಾಸ್ ಮುಚ್ಚಿ ಹಾಕಕ್ಕಾಗಲ್ಲ. ಆದ್ರೆ ಮಾತು ಕೊಟ್ಟ ಆ ಹೊತ್ತಿಗೇ ಮನಸ್ಸಲ್ಲಿ ನಡೆಸೋ ಉದ್ದೇಶ ಇರ್ಲಿಲ್ಲ ಅಂತ ತೋರಿಸ್ಬೇಕು, ಆಮೇಲೆ ಮಾತು ತಪ್ಪಿದ್ರು ಅನ್ನೋದು ಸಾಲಲ್ಲ. ಯಾರು, ಯಾವತ್ತು, ಏನ್ ಹೇಳಿದ್ರು, ಅದು ಹೇಗೆ ಸುಳ್ಳು ಅಂತ ದಾವೆಲೇ ಬಿಡಿಸಿ ಬರೀಬೇಕು. ಕಂಪನಿ ವಕೀಲರು ಎದ್ದು ಒಂದೇ ಮಾತು ಕೇಳಿದ್ರು: ಉದ್ದೇಶ ಇಲ್ದೇ ಇದ್ರೆ ಇಪ್ಪತ್ತು ತಿಂಗಳು ಹರಿಹರಕ್ಕೆ ಇನ್ನೊಬ್ರನ್ನ ಯಾಕೆ ಹಾಕ್ಲಿಲ್ಲ? ನನ್ನ ಹತ್ರ ಉತ್ತರ ಇರ್ಲಿಲ್ಲ. ಅಷ್ಟು ದಿನ ಮಾತು ನಡೆಸಿದ್ದೇ ಮೋಸ ಅಲ್ಲ ಅನ್ನೋಕೆ ಅವರಿಗೆ ಸಾಕ್ಷಿಯಾಯ್ತು.

ಸೆಪ್ಟೆಂಬರ್‌ನಲ್ಲಿ ತೀರ್ಪು. ಹರಿಹರದ 5 ಲಕ್ಷ ವಜಾ, ವಾಟ್ಸಾಪ್ ಮೆಸೇಜು ಸೈನಿಗೆ ಮುಂಚಿಂದು, ಬರಹದ ಕ್ಲಾಸಿಗೆ ನೇರ ವಿರುದ್ಧ, ಹಂಗಾಗಿ ನೋಡಕ್ಕಾಗಲ್ಲ ಅಂತ. ಅದಕ್ಕೆ ಕಟ್ಟಿದ ಫೀಸೂ ಹೋಯ್ತು, ಒಡೆದ ಡಿಸ್ಪ್ಲೇ ದುಡ್ಡೂ ಹೋಯ್ತು. ಡೆಪಾಸಿಟ್ 2 ಲಕ್ಷ ಪೂರ್ತಿ. ಎಕ್ಸ್‌ಪೈರಿ ಮಾಲು ಮಾರಕ್ಕಾಗದ ಮಾಲು ಅನ್ನೋದ್ರೊಳಗೆ ಬರತ್ತೆ, ಇಬ್ರೂ ಹಾಗೇ ನಡ್ಕೊಂಡಿದಾರೆ ಅಂತ ಬರೆದಿದಾರೆ. ಆದ್ರೆ ಅದ್ರಲ್ಲೂ 5.12 ಲಕ್ಷ ಅಷ್ಟೇ. ಮಿಕ್ಕ 1.72 ಲಕ್ಷಕ್ಕೆ ನಾನು ಮೇಲ್ ಮಾಡಿದ್ದು ಮೂವತ್ತು ದಿನ ದಾಟಿದ ಮೇಲೆ. ಜಗಳದ ತಲೆಬಿಸಿಲಿ, ಹೆಂಗೂ ಕೊಡಲ್ಲ ಅಂದಿದಾರೆ ಬರೆದೇನ್ ಪ್ರಯೋಜನ ಅಂತ ಎರಡು ತಿಂಗಳು ಸುಮ್ನಿದ್ದೆ ನೋಡಿ, ಅದರ ಬೆಲೆ ಅದು. ಮೂವತ್ತು ಅನ್ನೋ ಅಂಕಿಗೆ ಎರಡರ್ಥ ಇಲ್ಲ. ಒಟ್ಟು 7.12 ಲಕ್ಷ, ಮೇಲೆ ಒಂಬತ್ತು ಪರ್ಸೆಂಟ್ ಬಡ್ಡಿ. ವಕೀಲರ ಫೀಸು, ಓಡಾಟ, ಎಲ್ಲ ಸೇರಿ ನನಗೆ ಎರಡೂಕಾಲು ಲಕ್ಷದ ಹತ್ರ ಆಗಿತ್ತು. ಅಪೀಲಿಗೆ ಅರವತ್ತು ದಿನ ಇತ್ತು, ಅವ್ರೂ ಹೋಗ್ಲಿಲ್ಲ, ನಾನೂ ಹೋಗ್ಲಿಲ್ಲ, ಮನೆಯವ್ಳು ಹರಿಹರದ ಹೆಸ್ರು ಎತ್ತಿದ್ರೆ ನೋಡಿ ಅಂದಿದ್ಲು.

ಈಗ ಬೇರೆ ಒಂದು ಮಸಾಲೆ ಕಂಪನಿದು ಮಾಡ್ತಿದೀನಿ. ಅವರ ಸೇಲ್ಸ್ ಮ್ಯಾನೇಜರೂ ಏನೇನೋ ಭರವಸೆ ಕೊಟ್ರು, ನಾನು ಕೇಳಿಸ್ಕೊಂಡು, "ಒಳ್ಳೇದು, ಇದನ್ನ ಒಂದು ಅನೆಕ್ಸರ್ ಮಾಡಿ, ಸೈನ್ ಮಾಡೋ ಅಧಿಕಾರ ಯಾರಿಗಿದೆಯೋ ಅವರ ಕೈಲಿ ಮಾಡ್ಸಿ, ಎಂಟೈರ್ ಅಗ್ರಿಮೆಂಟ್ ಕ್ಲಾಸಲ್ಲಿ ಈ ಅಗ್ರಿಮೆಂಟ್ ಮತ್ತು ಅನೆಕ್ಸರ್ ಅಂತ ಸೇರಿಸಿ" ಅಂದೆ. ಆ ಮನುಷ್ಯ ನನ್ನ ಮುಖ ನೋಡಿದ ರೀತಿ! ಎಂಟು ದಿನ ಬರ್ಲಿಲ್ಲ. ಆಮೇಲೆ ಬಂತು, ಐದು ಭರವಸೆಲಿ ಎರಡು ಮಾತ್ರ ಕಾಗದದಲ್ಲಿತ್ತು. ಮಿಕ್ಕ ಮೂರು ಏನಾಯ್ತು ಅಂದ್ರೆ ಹೆಡ್ ಆಫೀಸ್ ಒಪ್ಲಿಲ್ಲ ಅಂದ್ರು. ಸೈನ್ ಆಗೋ ಮುಂಚೆನೇ ಗೊತ್ತಾಯ್ತಲ್ಲ, ಎರಡಕ್ಕೇ ಲೆಕ್ಕ ಹಾಕಿ ಒಪ್ಕೊಂಡೆ. ಒರಿಜಿನಲ್ ಎರಡು ಸೆಟ್ ಮಾಡ್ಸಿ ಒಂದು ನಾನೇ ಇಟ್ಕೊಂಡಿದೀನಿ, ಹನ್ನೊಂದನೇ ಪೇಜು ಸಮೇತ.

ಹಳೇ ಕಂಪನಿ ದುಡ್ಡು ಡಿಸೆಂಬರ್‌ನಲ್ಲಿ ಬಂತು. ಕೇಸಿಗೆ ಬೇಕಾಗತ್ತೆ ಅಂತ ಎರಡೂವರೆ ವರ್ಷ ಆ ಎಕ್ಸ್‌ಪೈರಿ ಡಬ್ಬಿಗಳನ್ನ ತಿಂಗಳಿಗೆ ನಾಲ್ಕೂವರೆ ಸಾವಿರ ಬಾಡಿಗೆ ಕೊಟ್ಟು ಗೋಡೌನಲ್ಲಿ ಇಟ್ಟಿದ್ದೆ, ಇಲಿ ತಿಂದು ಎಣ್ಣೆ ವಾಸನೆ ಬೀದಿಗೆಲ್ಲ ಬರತ್ತೆ. ದುಡ್ಡು ಕೊಟ್ಟಿದೀವಿ, ಈಗ ಮಾಲು ನಮ್ದು, ವಾಪಸ್ ಕಳಿಸಿ ಅಂತ ಮೊನ್ನೆ ಕಂಪನಿಯಿಂದ ಮೇಲ್ ಬಂತು. ಲಾರಿ ಬಾಡಿಗೆ ಯಾರ್ದು ಅಂತ ಕೇಳ್ದೆ. ಅಗ್ರಿಮೆಂಟ್ ನೋಡಿ ಅಂದ್ರು. ನೋಡ್ದೆ, ಹತ್ತೊಂಬತ್ತು ಪೇಜನ್ನೂ ನೋಡ್ದೆ. ಅದರ ಬಗ್ಗೆ ಒಂದಕ್ಷರ ಇಲ್ಲ.